ಎರಡು ದಿನ ಅಲ್ಲ, 48 ಗಂಟೆ: ಹೋಟೆಲ್ ಬುಕಿಂಗ್ ಕನ್ನಡಕ್ಕೆ ತಂದ ನನ್ನ ಅನುಭವ

ಹೋಟೆಲ್ ಬುಕಿಂಗ್ ಪತ್ರವನ್ನು ಸಾಲಿಗೆ ಸಾಲು ಅನುವಾದ ಮಾಡಬಾರದು ಅಂತ ನಾನು ಹೇಳಿದಾಗ ಜೊತೆಯ ಅನುವಾದಕರು ಒಪ್ಪಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಸೇರಿಸೋದು ತಪ್ಪು ಅಂದರು. ನಾನೂ ಮೊದಲು ಹಾಗೇ ನಂಬಿದ್ದೆ. ಆ ನಂಬಿಕೆ ಒಂದು ಕುಟುಂಬಕ್ಕೆ ಎರಡು ರೂಮಿನ ಒಂದೊಂದು ರಾತ್ರಿಯ ಬಾಡಿಗೆ ನಷ್ಟ ಮಾಡಿತು.

ಅವರ ಚೆಕ್-ಇನ್ 14ನೇ ತಾರೀಕು ಮಧ್ಯಾಹ್ನ 3ಕ್ಕೆ. ಚೆಕ್-ಇನ್‌ಗೆ 48 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್, ತಡವಾದರೆ ಮೊದಲ ರಾತ್ರಿಯ ಬಾಡಿಗೆ ಹೋಯಿತು ಅಂತ ಮೂಲದಲ್ಲಿತ್ತು. ಓದೋಕೆ ಸಲೀಸಾಗಲಿ ಅಂತ ನಾನು ‘ಎರಡು ದಿನ ಮೊದಲು’ ಅಂತಷ್ಟೇ ಬರೆದೆ, ಮೂಲದಲ್ಲಿ ಇಲ್ಲದ ತಾರೀಕು, ಗಂಟೆ ಸೇರಿಸಲಿಲ್ಲ. ಅವರು 12ನೇ ತಾರೀಕು ರಾತ್ರಿ ಊಟ ಮುಗಿಸಿ ರದ್ದು ಮಾಡಿದರು. 14ಕ್ಕೆ 12 ಎರಡು ದಿನ ಮೊದಲೇ ಅಲ್ವಾ? ಆದರೆ ಗಡುವು ಮುಗಿದದ್ದು 12ರ ಮಧ್ಯಾಹ್ನ 3ಕ್ಕೆ. ಅದೂ ಹೋಟೆಲ್ ಇರುವ ಕಡೆಯ 3 ಗಂಟೆ. ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದಿತ್ತು, ಹಾಗಾಗಿ ಇವರ ಮನೆಯ ಗಡಿಯಾರದಲ್ಲಿ ಮಧ್ಯಾಹ್ನ 12:30ಕ್ಕೇ ಎಲ್ಲ ಮುಗಿದಿತ್ತು. ಅನುವಾದಕ್ಕೆ ನಾನು ತೆಗೆದುಕೊಂಡಿದ್ದ ಹಣ ವಾಪಸ್ ಕೊಟ್ಟೆ. ಅದು ಅವರ ನಷ್ಟದ ಹತ್ತನೇ ಒಂದು ಭಾಗವೂ ಇರಲಿಲ್ಲ.

ಅಲ್ಲಿಂದ ಗಡುವನ್ನು ನಾನೇ ಲೆಕ್ಕ ಹಾಕಿ ತಾರೀಕು, ವಾರ, ಗಂಟೆ ಮೂರನ್ನೂ ಬರೆಯುತ್ತೇನೆ. ಮನೆಯ ಗಡಿಯಾರದ ಸಮಯ ಮೇಲೆ, ಹೋಟೆಲ್ ಗಡಿಯಾರದ ಸಮಯ ಕೆಳಗೆ. ಮೂಲದ ಸಾಲನ್ನು ಪಕ್ಕದಲ್ಲೇ ಹಾಗೇ ಉಳಿಸುತ್ತೇನೆ, ಹೋಟೆಲಿನವರ ಜೊತೆ ಮಾತು ಬಂದರೆ ತೋರಿಸಬೇಕಾಗಿರೋದು ಅದನ್ನೇ.

‘ಮಧ್ಯರಾತ್ರಿ’ ಅನ್ನೋ ಪದವನ್ನು ಪೂರ್ತಿ ಬಿಟ್ಟಿದ್ದೇನೆ. ಒಮ್ಮೆ ಸುಮ್ನೆ ಪರೀಕ್ಷೆಗೆ ಅಂತ ‘6ನೇ ತಾರೀಕು ಮಧ್ಯರಾತ್ರಿಯವರೆಗೆ’ ಅಂತ ಬರೆದು ಏಳೆಂಟು ಜನಕ್ಕೆ ತೋರಿಸಿದೆ. ಅರ್ಧ ಜನ 5ರ ರಾತ್ರಿ ಅಂದರು, ಅರ್ಧ ಜನ 6ರ ರಾತ್ರಿ ಅಂದರು. ಮಾತಿನಲ್ಲಿ ನಾವು ರಾತ್ರಿ ಒಂದು ಗಂಟೆಯನ್ನೂ ಹಿಂದಿನ ದಿನಕ್ಕೇ ಸೇರಿಸುತ್ತೇವೆ, ಗೊಂದಲ ಆಗೋದು ಸಹಜ. ‘6ನೇ ತಾರೀಕು ರಾತ್ರಿ 11:59’ ಅಂದರೆ ಯಾರೂ ತಪ್ಪಲಿಲ್ಲ.

ಇನ್ನೊಂದು ಪೆಟ್ಟು ‘ಬಹುದು’ ಇಂದ. ಹೇಳದೆ ಬಾರದಿದ್ದರೆ ಹೋಟೆಲ್ ‘ಪೂರ್ತಿ ಹಣ ಹಿಡಿಯಬಹುದು’ ಅಂತ ಬರೆದರೆ ಓದುವವರು ‘ಹಿಡಿಯದೆಯೂ ಇರಬಹುದು’ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಮೂಲದ ಅರ್ಥ ಅದಲ್ಲ. ‘ಪೂರ್ತಿ ಹಣ ಹಿಡಿಯುವ ಹಕ್ಕು ಹೋಟೆಲ್‌ಗಿದೆ’ ಅಂತ ಬರೆದ ಮೇಲೆ ಜನ ಫೋನ್ ಮಾಡಿ ಕೇಳೋಕೆ ಶುರು ಮಾಡಿದರು. ಕೇಳಿದರೆ ನಾನು ಗೆದ್ದ ಹಾಗೆ.

ನನ್ನ ವಿಧಾನ ನಿಜವಾಗಿ ಫಲ ಕೊಟ್ಟದ್ದು ಎರಡು ರೂಮಿನ ಇನ್ನೊಂದು ಬುಕಿಂಗ್‌ನಲ್ಲಿ. ಒಂದೇ ಪತ್ರ, ಒಂದೇ ಬುಕಿಂಗ್ ನಂಬರು, ಆದರೆ ಷರತ್ತು ಬೇರೆ ಬೇರೆ. ಮಗ-ಸೊಸೆಯ ರೂಮನ್ನು 6ನೇ ತಾರೀಕು ರಾತ್ರಿ 11:59ರವರೆಗೆ ಪುಕ್ಕಟೆ ರದ್ದು ಮಾಡಬಹುದಿತ್ತು. ಅಜ್ಜ-ಅಜ್ಜಿಯ ರೂಮು ಕಡಿಮೆ ದರದ್ದು, ರದ್ದು ಮಾಡಿದರೆ ಒಂದು ಕಾಸೂ ವಾಪಸ್ ಇಲ್ಲ. ಸಾಲಿಗೆ ಸಾಲು ಅನುವಾದ ಮಾಡಿದ್ದರೆ ಈ ವ್ಯತ್ಯಾಸ ಮೂರನೇ ಪುಟದಲ್ಲಿ ಮುಳುಗಿ ಹೋಗುತ್ತಿತ್ತು. ನಾನು ರೂಮಿಗೊಂದು ಚೌಕ ಹಾಕಿ, ಅದರೊಳಗೆ ಯಾರ ಹೆಸರು, ಎಷ್ಟು ರಾತ್ರಿ, ಇವತ್ತು ಬಿಟ್ಟರೆ ಎಷ್ಟು ಹೋಗುತ್ತದೆ, ಗಡುವು ದಾಟಿದರೆ ಎಷ್ಟು ಅಂತ ಬರೆದೆ. ಚೌಕದಲ್ಲಿ ಇನ್ನೆರಡು ಪ್ರಶ್ನೆ ಇರುತ್ತವೆ, ಅವು ನನ್ನ ಗುಟ್ಟು, ಇಲ್ಲಿ ಹೇಳೋದಿಲ್ಲ.

6ನೇ ತಾರೀಕು ಬೆಳಿಗ್ಗೆ ಮಗ-ಸೊಸೆಗೆ ರಜೆ ಸಿಗೋದು ಖಚಿತವಾಯಿತು, ಆದರೆ ಅಜ್ಜಿಯ ಮಂಡಿ ಊದಿಕೊಂಡಿತು. ಹಿರಿಯರಿಬ್ಬರೂ ಬರೋದಿಲ್ಲ ಅಂತಾಯಿತು. ಅವರ ರೂಮು ರದ್ದು ಮಾಡಿದ್ದರೆ ಅದರ ಹಣ ಪೂರ್ತಿ ಮುಳುಗುತ್ತಿತ್ತು. ಮಗ ಎರಡು ಚೌಕ ಅಕ್ಕಪಕ್ಕ ಇಟ್ಟು ನೋಡಿ ನನಗೆ ಫೋನ್ ಮಾಡಿದರು: ‘ನಮ್ಮ ರೂಮು ಬಿಟ್ಟು ಅಪ್ಪ-ಅಮ್ಮನ ರೂಮಲ್ಲಿ ನಾವೇ ಉಳಿದರೆ ಆಗಲ್ವಾ?’ ಮೊದಲು ಹೋಟೆಲಿಗೆ ಬರೆದು ಅತಿಥಿಗಳ ಹೆಸರು ಬದಲಾಯಿಸಿಕೊಳ್ಳಿ, ಅವರು ಬರಹದಲ್ಲಿ ಒಪ್ಪಿದ ಮೇಲೆ ಇನ್ನೊಂದು ರೂಮು ಬಿಡಿ ಅಂದೆ. ಒಪ್ಪಿಗೆ ಸಂಜೆ 5ರ ಹೊತ್ತಿಗೆ ಬಂತು. ಅದೇ ಸಂಜೆ ಏಳು ಗಂಟೆಗೆ, ಬುಕಿಂಗ್ ಪೂರ್ತಿ ರದ್ದಾಗದ ಹಾಗೆ ಆ ಒಂದು ರೂಮನ್ನಷ್ಟೇ ಬಿಟ್ಟರು. ಸುಮಾರು ಹತ್ತು ದಿನದಲ್ಲಿ ಆ ರೂಮಿನ ಹಣ ಪೂರ್ತಿ ಅವರ ಕಾರ್ಡಿಗೆ ಬಂತು.

ಸೇರಿಸೋದು ತಪ್ಪು ಅಂದಿದ್ದ ಗೆಳೆಯರೊಬ್ಬರು ಹೋದ ತಿಂಗಳು ಆ ಚೌಕದ ನಮೂನೆ ಕೇಳಿದರು. ಆ ಎರಡು ಪ್ರಶ್ನೆ ತೆಗೆದುಹಾಕಿ ಕೊಟ್ಟಿದ್ದೇನೆ.