ಅಂಗಿಯ ಮೇಲಿನ ಅರಿಯದ ಲಿಪಿ: ಕೊಳ್ಳುವ ಮುನ್ನ ಓದಿಕೊಳ್ಳುವುದು ಹೇಗೆ?

ಆನ್‌ಲೈನ್ ಮಳಿಗೆಯ ಫೋಟೊವೊಂದರಲ್ಲಿ ಕಪ್ಪು ಟೀ ಶರ್ಟ್ ಇದೆ ಎಂದುಕೊಳ್ಳಿ. ಎದೆಯ ಮೇಲೆ ಕುಂಚದಿಂದ ಎಳೆದಂತಿರುವ ಎರಡು ಅಕ್ಷರ: 愛人. ‘ಪ್ರೀತಿಯ ವ್ಯಕ್ತಿ ಎಂದರ್ಥ, ದಂಪತಿಗೆ ಒಳ್ಳೆಯ ಉಡುಗೊರೆ’ ಎಂದು ಮಾರುವವರು ಬರೆದಿದ್ದಾರೆ. ಬಿಡಿಬಿಡಿಯಾಗಿ ನೋಡಿದರೆ ಅವರ ಮಾತು ಸುಳ್ಳಲ್ಲ. ಮೊದಲ ಅಕ್ಷರಕ್ಕೆ ಪ್ರೀತಿ, ಎರಡನೆಯದಕ್ಕೆ ಮನುಷ್ಯ ಎಂಬ ಅರ್ಥವಿದೆ. ಆದರೂ ಇದನ್ನು ಮದುವೆಯ ವಾರ್ಷಿಕೋತ್ಸವಕ್ಕೆ ತೊಡಬಹುದೇ? ಈ ಒಂದು ಅಂಗಿಯನ್ನೇ ಹಿಡಿದು ಪರೀಕ್ಷೆ ಮಾಡುವ ಕ್ರಮವನ್ನು ನೋಡೋಣ.

ಮೊದಲು ಫೋಟೊ ಸರಿಯಿದೆಯೇ ನೋಡಿ

ಕನ್ನಡಿಯ ಮುಂದೆ ನಿಂತು ತೆಗೆದ ಚಿತ್ರಗಳಲ್ಲಿ ಬರಹ ಎಡಬಲ ಮಗುಚಿರುತ್ತದೆ. ಕೆಲವು ಫೋನ್‌ಗಳು ಸೆಲ್ಫಿಯನ್ನೂ ಹಾಗೆಯೇ ಉಳಿಸುತ್ತವೆ. ಲಿಪಿ ಗೊತ್ತಿಲ್ಲದವರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಂತೂ ತೊಂದರೆ ಹೆಚ್ಚು: 人 ಅಕ್ಷರ ಮಗುಚಿದರೆ ‘ಒಳಹೋಗು’ ಎಂಬ ಅರ್ಥದ 入 ಅಕ್ಷರದಂತೆ ಕಾಣುತ್ತದೆ. ಅದೇ ಫೋಟೊದಲ್ಲಿ ನಿಮಗೆ ಓದಲು ಬರುವ ಇನ್ನೊಂದು ಬರಹವನ್ನು ಹುಡುಕಿ. ಕಾಲರಿನ ಸೈಜ್ ಚೀಟಿಯೋ, ಹಿಂದಿನ ಗೋಡೆಯ ಫಲಕವೋ ಸಾಕು. ಅದು ಮಗುಚಿದ್ದರೆ ಫೋನಿನ ಎಡಿಟ್ ಆಯ್ಕೆಯಲ್ಲಿ ಚಿತ್ರವನ್ನು ಮತ್ತೆ ಎಡಬಲ ಮಗುಚಿ, ಬರಹವಿರುವ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಬಟ್ಟೆಯ ಮಡಿಕೆಯಲ್ಲಿ ಒಂದು ಗೆರೆ ಮುಚ್ಚಿಹೋಗಿದ್ದರೂ ಅಕ್ಷರ ಬದಲಾಗಬಹುದು. ಹಾಗಿದ್ದರೆ ಬೇರೆ ಕೋನದ ಚಿತ್ರ ಬೇಕು.

ಅನುವಾದ ಆಮೇಲೆ, ಅಕ್ಷರ ಮೊದಲು

ಗೂಗಲ್ ಲೆನ್ಸ್‌ನಂಥ ಆ್ಯಪ್ ತೆರೆದರೆ ಚಿತ್ರದ ಮೇಲೆಯೇ ಅನುವಾದ ಮೂಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅಕ್ಷರವನ್ನು ತಪ್ಪಾಗಿ ಗುರುತಿಸಿದರೂ ಆ್ಯಪ್ ಏನೋ ಒಂದು ಅರ್ಥ ಕೊಟ್ಟೇ ಕೊಡುತ್ತದೆ, ಮೂಲ ಬರಹವೋ ಅನುವಾದದ ಅಡಿಯಲ್ಲಿ ಮರೆಯಾಗಿರುತ್ತದೆ. ಅದಕ್ಕೆ ಬದಲು ಬರಹವನ್ನು ಆಯ್ದು ನಕಲು ಮಾಡಿ, ದೊಡ್ಡ ಗಾತ್ರದಲ್ಲಿ ಅಂಟಿಸಿ, ಫೋಟೊದ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರವನ್ನು ಹೋಲಿಸಿ. 大 ಎಂದರೆ ದೊಡ್ಡದು, 犬 ಎಂದರೆ ನಾಯಿ. ನಡುವಿನ ವ್ಯತ್ಯಾಸ ಮೇಲಿನ ಒಂದು ಚುಕ್ಕೆ ಮಾತ್ರ.

ಕುಂಚದ ಶೈಲಿಯ ಬರಹವನ್ನು ಯಂತ್ರ ಗುರುತಿಸದಿದ್ದರೆ ಗೂಗಲ್ ಟ್ರಾನ್ಸ್‌ಲೇಟ್‌ನ ಕೈಬರಹದ ಆಯ್ಕೆಯಲ್ಲಿ ಬೆರಳಿನಿಂದ ಬರೆದು ನೋಡಬಹುದು. ಸುಂದರವಾಗಿ ಬರೆಯಬೇಕಿಲ್ಲ, ಗೆರೆಗಳು ತಮ್ಮ ಜಾಗದಲ್ಲಿದ್ದರೆ ಸಾಕು. ಹೋಲುವ ಅಕ್ಷರಗಳ ಸಾಲು ಕಾಣಿಸುತ್ತದೆ, ಅದರಿಂದ ನಿಮ್ಮದನ್ನು ಆರಿಸಿಕೊಳ್ಳಿ.

ಇದು ಯಾರ ಭಾಷೆ?

ಲಿಪಿ ಗೊತ್ತಾದ ಮಾತ್ರಕ್ಕೆ ಭಾಷೆ ಗೊತ್ತಾಗುವುದಿಲ್ಲ. ಚೀನಿ ಅಕ್ಷರಗಳನ್ನು ಜಪಾನಿ ಭಾಷೆಯೂ ಬಳಸುತ್ತದೆ. の, し ತರಹದ ಸರಳವಾದ, ಬಳುಕುವ ಅಕ್ಷರಗಳು ನಡುವೆ ಕಂಡರೆ ಅದು ಜಪಾನಿ. ನಮ್ಮ ಅಂಗಿಯಲ್ಲಿ ಅಂಥದ್ದಿಲ್ಲ, ಆದರೂ ಒಂದು ಸುಳಿವಿದೆ. ಚೀನಾದ ಮುಖ್ಯಭೂಮಿಯಲ್ಲಿ ಪ್ರೀತಿಯ ಅಕ್ಷರವನ್ನು ಸರಳಗೊಳಿಸಿ 爱 ಎಂದು ಬರೆಯುತ್ತಾರೆ. ಅಂಗಿಯ ಮೇಲಿರುವುದು 愛. ಇದರ ಹೊಟ್ಟೆಯಲ್ಲಿ ‘ಹೃದಯ’ ಎಂಬ ಅರ್ಥದ 心 ಕೂಡ ಸೇರಿಕೊಂಡಿದೆ. ಈ ರೂಪ ಜಪಾನ್, ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಬಳಕೆಯಲ್ಲಿದೆ.

ಈಗ ಎರಡೂ ಅಕ್ಷರಗಳನ್ನು ಒಂದೇ ಪದವಾಗಿ ಎರಡು ನಿಘಂಟುಗಳಲ್ಲಿ ಹುಡುಕಿ. ಚೀನಿ ಭಾಷೆಗೆ mdbg.net, ಜಪಾನಿ ಭಾಷೆಗೆ jisho.org ಇವೆ. ಚೀನಿ ನಿಘಂಟಿನಲ್ಲಿ ಸಿಗುವ ಮುಖ್ಯ ಅರ್ಥ ಗಂಡ ಅಥವಾ ಹೆಂಡತಿ. ಮುಖ್ಯಭೂಮಿಯಲ್ಲಿ ಸ್ವಲ್ಪ ಹಳೆಯ ತಲೆಮಾರಿನವರ ಮಾತು. ಜಪಾನಿಯಲ್ಲಿ ಇದನ್ನೇ ‘ಐಜಿನ್’ ಎಂದು ಓದುತ್ತಾರೆ. ಇಂದಿನ ಬಳಕೆಯಲ್ಲಿ ಅದು ಮದುವೆಯ ಆಚೆಗಿನ ಸಂಬಂಧದಲ್ಲಿರುವವರಿಗೆ ಹೇಳುವ ಪದ. ವಾರ್ಷಿಕೋತ್ಸವದ ದಿನ ಗಂಡ ಹೆಂಡತಿ ಇಬ್ಬರೂ ಈ ಅಂಗಿ ತೊಟ್ಟು ನಿಂತರೆ ಜಪಾನಿ ಬಲ್ಲವರು ಏನೆಂದುಕೊಳ್ಳಬಹುದು, ಯೋಚಿಸಿ. 愛 ಎಂಬ ಒಂದೇ ಅಕ್ಷರವಿದ್ದಿದ್ದರೆ ಎರಡೂ ಕಡೆ ಪ್ರೀತಿ ಎಂದೇ ಆಗುತ್ತಿತ್ತು. ಕೊಳ್ಳುವುದಾದರೆ ಅಂಥದ್ದನ್ನು ಕೊಳ್ಳಿ.

ಬಿಡಿ ಅಕ್ಷರಗಳ ಅರ್ಥವನ್ನು ಕೂಡಿಸಿದರೆ ಪದದ ಅರ್ಥ ಸಿಗುತ್ತದೆ ಎಂಬ ನಂಬಿಕೆ ದೊಡ್ಡವರನ್ನೂ ಕೆಡವಿದೆ. ಗಾಯಕಿ ಅರಿಯಾನಾ ಗ್ರಾಂಡೆ 2019ರಲ್ಲಿ ‘ಏಳು ಉಂಗುರ’ ಎಂಬರ್ಥ ಬರಲೆಂದು ಅಂಗೈಗೆ 七輪 ಎಂದು ಹಚ್ಚೆ ಹಾಕಿಸಿಕೊಂಡರು. ಮೊದಲನೆಯದು ಏಳು, ಎರಡನೆಯದು ಬಳೆ ಅಥವಾ ಚಕ್ರ. ಎರಡೂ ಸೇರಿದರೆ ಜಪಾನಿಯಲ್ಲಿ ಇದ್ದಿಲಿನ ಸಣ್ಣ ಒಲೆ! ಅಂಗಿಯನ್ನಾದರೆ ಕಳಚಿ ಇಡಬಹುದು.

ಅರೇಬಿಕ್ ಬರಹವಿದ್ದರೆ ತುಂಡು ಎಣಿಸಿ

ಅರೇಬಿಕ್‌ನಲ್ಲಿ ತಪ್ಪು ಬೇರೆ ಬಗೆಯದು. ಆ ಲಿಪಿ ಬಲದಿಂದ ಎಡಕ್ಕೆ ಹರಿಯುತ್ತದೆ, ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಲಿಪಿಗೆ ಹೊಂದಿಸದ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಅಂಟಿಸಿದಾಗ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಉದುರುತ್ತವೆ. ಲಿಪಿ ಗೊತ್ತಿಲ್ಲದ ಮುದ್ರಕರು ಅದನ್ನೇ ಅಚ್ಚು ಹಾಕಿಬಿಡುತ್ತಾರೆ.

ಶಾಂತಿ ಎಂಬರ್ಥದ سلام ಪದವನ್ನೇ ನೋಡಿ. ನಾಲ್ಕು ಅಕ್ಷರಗಳಿದ್ದರೂ ಬಲಗಡೆಯ ಮೂರು ಕೂಡಿಕೊಂಡು ಒಂದು ತುಂಡು, ಕೊನೆಯದು ಎಡಗಡೆ ಪ್ರತ್ಯೇಕ. ಒಟ್ಟು ಎರಡು ತುಂಡು. ‘ಶಾಂತಿ’ ಎಂದು ಮಾರುವ ಕೀಲಿಗೊಂಚಲಿನ ಮೇಲೆ ನಾಲ್ಕು ತುಂಡು ಕಂಡರೆ ಅದು ಮುರಿದ ಬರಹ. ಮಾರುವವರು ಹೇಳಿದ ಅರ್ಥವನ್ನು ಅನುವಾದದ ಆ್ಯಪ್‌ನಲ್ಲಿ ಅರೇಬಿಕ್‌ಗೆ ತಿರುಗಿಸಿ, ಬಂದ ಪದದ ತುಂಡುಗಳನ್ನೂ ಚುಕ್ಕೆಗಳನ್ನೂ ಫೋಟೊದೊಂದಿಗೆ ಹೋಲಿಸಿದರೆ ಒಂದಕ್ಷರವೂ ಬಾರದವರಿಗೂ ಇದು ತಿಳಿಯುತ್ತದೆ. ಸಮಾನಾರ್ಥಕ ಪದ ಬಳಸಿರಲೂಬಹುದು. ಹಾಗಾಗಿ ಹೊಂದದಿದ್ದ ಮಾತ್ರಕ್ಕೆ ತಪ್ಪೆಂದು ತೀರ್ಮಾನಿಸಬೇಡಿ. ಎಲ್ಲ ಅಕ್ಷರಗಳೂ ಬಿಡಿಬಿಡಿಯಾಗಿವೆಯೇ ಎಂಬುದೇ ಮುಖ್ಯ ಸುಳಿವು.

ಅಲಂಕಾರದ ಬಳ್ಳಿಯಂತೆ ಹೆಣೆದ ಅರೇಬಿಕ್ ಬರಹ ಧರ್ಮಗ್ರಂಥದ ಸಾಲೂ ಆಗಿರಬಹುದು. 1994ರಲ್ಲಿ ಶನೆಲ್ ಸಂಸ್ಥೆಯ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಉಡುಪಿನ ಮೇಲೆ ಕುರಾನಿನ ಸಾಲುಗಳಿದ್ದವು. ಅದು ಪ್ರೇಮ ಕವಿತೆ ಎಂದು ತಿಳಿದಿದ್ದ ವಿನ್ಯಾಸಕಾರ ಕಾರ್ಲ್ ಲಾಗರ್‌ಫೆಲ್ಡ್ ಕ್ಷಮೆ ಕೇಳಬೇಕಾಯಿತು. ಇಂಥ ಬರಹವನ್ನು ಯಂತ್ರ ಓದಲಾರದಿದ್ದರೆ ಊಹೆ ಮಾಡದೆ, ಬಲ್ಲವರು ಸಿಗುವವರೆಗೆ ಕೊಳ್ಳುವುದನ್ನು ಮುಂದೂಡಿ.

ಬಲ್ಲವರನ್ನು ಕೇಳುವ ಬಗೆ

ನಿಘಂಟಿನಲ್ಲಿ ತಪ್ಪು ಕಾಣದಿದ್ದರೂ, ಸಿಕ್ಕ ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಚಿತ್ರಗಳ ಹುಡುಕಾಟ ಮಾಡಿ. ಮೆರವಣಿಗೆ, ಬಾವುಟಗಳು ತುಂಬಿದ ಚಿತ್ರಗಳೇ ಬಂದರೆ ಅದು ರಾಜಕೀಯ ಘೋಷಣೆ ಇರಬಹುದು. ಬೇರೆ ಬೇರೆ ಮಳಿಗೆಗಳ ಅದೇ ಅಂಗಿ ಮಾತ್ರ ಬಂದರೆ, ಆ ಮಾತನ್ನು ಅಂಗಿಯ ಹೊರಗೆ ಯಾರೂ ಆಡುತ್ತಿಲ್ಲ ಎಂಬ ಗುಮಾನಿ ಇರಲಿ. ಬ್ರಿಟನ್ನಿನ ಸೂಪರ್‌ಡ್ರೈ ಬ್ರಾಂಡ್ ಬಟ್ಟೆಗಳ ಮೇಲಿನ ಜಪಾನಿ ಬರಹ ಹೆಚ್ಚುಕಡಿಮೆ ‘ವಿಪರೀತ ಒಣಗಿಸುವಿಕೆ (ಮಾಡಿ)’ ಎಂದಾಗುತ್ತದೆ. ಯಾರಿಗೂ ನೋವಿಲ್ಲ, ಓದಬಲ್ಲವರಿಗೆ ನಗು ಬರುತ್ತದೆ, ಅಷ್ಟೇ. ಅಂಥದ್ದನ್ನು ತೊಡುವುದು ನಿಮ್ಮ ಇಷ್ಟ.

ಆ ಭಾಷೆಯಲ್ಲೇ ಬೆಳೆದವರು ಪರಿಚಯವಿದ್ದರೆ ಕತ್ತರಿಸಿದ ಚಿತ್ರದ ಜೊತೆ ಇಡೀ ಅಂಗಿಯ ಚಿತ್ರವನ್ನೂ ಕಳಿಸಿ. ‘ಇದರ ಅರ್ಥವೇನು?’ ಎಂದಷ್ಟೇ ಕೇಳಿದರೆ ಅವರು ಪದಾರ್ಥ ಹೇಳಿ ಸುಮ್ಮನಾಗಬಹುದು. ‘ಬೀದಿಯಲ್ಲಿ ಇದನ್ನು ತೊಟ್ಟವರು ಎದುರಾದರೆ ನಿಮಗೇನನ್ನಿಸುತ್ತದೆ? ನಿಮ್ಮ ಅಮ್ಮನಿಗೆ ಕೊಡುತ್ತೀರಾ?’ ಎಂದು ಕೇಳಿ. ಮಾರುವವರ ವಿವರಣೆಯನ್ನು ಮೊದಲೇ ಹೇಳಬೇಡಿ, ಹೇಳಿದರೆ ಸಂಕೋಚಕ್ಕೆ ಹೌದೆಂದುಬಿಡುತ್ತಾರೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮಳಿಗೆಯ ಚಿತ್ರ ಎಷ್ಟೋ ಸಲ ಕಂಪ್ಯೂಟರಿನಲ್ಲಿ ಖಾಲಿ ಅಂಗಿಯ ಮೇಲೆ ಕೂರಿಸಿದ್ದು. ಬಟ್ಟೆ ಸುಕ್ಕಾದಲ್ಲೂ ಅಕ್ಷರ ನೇರವಾಗಿಯೇ ಇದ್ದರೆ ಹಾಗೆಂದು ತಿಳಿಯಿರಿ. ಅಚ್ಚಾದ ಅಂಗಿಯ ಹತ್ತಿರದ ಫೋಟೊ ಕಳಿಸಲು ಕೇಳಿ, ಅಥವಾ ಪೊಟ್ಟಣ ಬಂದೊಡನೆ, ಬೆಲೆಚೀಟಿ ಕೀಳುವ ಮೊದಲೇ, ನೀವು ಪರೀಕ್ಷಿಸಿದ ಬರಹದೊಂದಿಗೆ ಗೆರೆಗೆ ಗೆರೆ ಹೋಲಿಸಿ ನೋಡಿ.