ನೀಲಿ ಗುಳ್ಳೆಯೋ, ನೀಲಿ ಬಿಲ್ಲೆಯೋ: ಚಿತ್ರ ನೋಡಿ ನಾನು ಗುರುತಿಸುವ ಬಗೆ

ಕೊಡಗಿಗೆ ಕಡಲಿಲ್ಲ. ಆದರೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರಿನ ಪಯ್ಯಾಂಬಲಂ ತೀರ, ಸಂಪಾಜೆ ಇಳಿದರೆ ಮಂಗಳೂರು. ಅಲ್ಲಿಗೆ ಹೋದವರು ಮರಳಿನ ಮೇಲೆ ಏನೋ ನೀಲಿಯಾಗಿ ಬಿದ್ದಿದ್ದು ಕಂಡರೆ ಫೋಟೊ ತೆಗೆದು ಕಳಿಸುತ್ತಾರೆ: "ಅಣ್ಣ, ಇದನ್ನು ಮಕ್ಕಳು ಮುಟ್ಟಬಹುದಾ?" ಹೀಗೆ ಬರುವ ಚಿತ್ರಗಳಲ್ಲಿ ಎರಡು ಜೀವಿಗಳನ್ನು ಒಂದಕ್ಕೊಂದು ಅದಲುಬದಲು ಮಾಡುವುದೇ ಹೆಚ್ಚು. ಒಂದು ಫೈಸೇಲಿಯಾ, ಅಂದರೆ ನೀಲಿ ಗುಳ್ಳೆ. ಇನ್ನೊಂದು ಪಾರ್ಪಿಟಾ, ನೀಲಿ ಬಿಲ್ಲೆ. ಎರಡೂ ನಿಜವಾದ ಜೆಲ್ಲಿ ಮೀನುಗಳಲ್ಲ, ಅವುಗಳ ಹತ್ತಿರದ ಬಳಗ. ಮೊದಲನೆಯದರ ಕುಟುಕು ಚಾಟಿ ಏಟಿನಂತೆ ಉರಿಯುತ್ತದೆ. ಎರಡನೆಯದು ಬಹಳ ಮಂದಿಗೆ ಏನೂ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ತುರಿಕೆ.

ಪಯ್ಯಾಂಬಲಂನಿಂದ ಬಂದ ಒಂದು ಚಿತ್ರವನ್ನೇ ನೋಡೋಣ. ಒದ್ದೆ ಮರಳಿನ ಮೇಲೆ ಉದ್ದುದ್ದ, ಅರೆಪಾರದರ್ಶಕ ವಸ್ತು, ಅಂಚಿನಲ್ಲಿ ನೀಲಿ. ಕಳಿಸಿದವರು ಅದನ್ನು ಪ್ಲಾಸ್ಟಿಕ್ ಎಂದುಕೊಂಡಿದ್ದರು. ನಾನು ಮೊದಲು ಆಕಾರ ನೋಡುತ್ತೇನೆ, ಬಣ್ಣವನ್ನಲ್ಲ. ಬಿಸಿಲಿಗೆ ಒಣಗುತ್ತಿದ್ದಂತೆ ನೀಲಿ ಮಾಸುತ್ತದೆ, ಮೊಬೈಲ್ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದಂತೆ ತಿದ್ದುತ್ತದೆ. ಇಲ್ಲಿ ಗಾಳಿ ತುಂಬಿದ ಚೀಲವಿದೆ, ಅದರ ಬೆನ್ನ ಮೇಲೆ ಉದ್ದಕ್ಕೂ ನೆರಿಗೆಯಂಥ ಏಣು. ಚೀಲದ ಅಡಿಯಲ್ಲಿ ಕಡುನೀಲಿ ಗೊಂಚಲು. ಚಿತ್ರವನ್ನು ಹಿಗ್ಗಿಸಿದರೆ ಗೊಂಚಲಿನಿಂದ ಒಂದು ದಾರ ಮರಳಿನ ಮೇಲೆ ಚಾಚಿಕೊಂಡಿದೆ, ಅದರುದ್ದಕ್ಕೂ ಸಣ್ಣ ನೀಲಿ ಮಣಿಗಳು ಪೋಣಿಸಿದಂತಿವೆ. ಕುಟುಕು ಕೋಶಗಳು ಇರುವುದು ಆ ಮಣಿಗಳಲ್ಲಿ. ಚೀಲ, ಏಣು, ಮಣಿದಾರ, ಈ ಮೂರರಲ್ಲಿ ಎರಡು ಕಂಡರೂ ಸಾಕು, ಅದು ಫೈಸೇಲಿಯಾ. ದಾರ ಗುಳ್ಳೆಯಿಂದ ಬಹಳ ದೂರದವರೆಗೂ ಚಾಚಿರಬಹುದು. ಕಡಿದು ಬೇರೆಯಾಗಿ ಬಿದ್ದ ತುಂಡೂ ಕುಟುಕುತ್ತದೆ, ಆದ್ದರಿಂದ ಗುಳ್ಳೆಯಿಂದ ಒಂದೆರಡು ಹೆಜ್ಜೆ ದೂರ ನಿಂತರೆ ಸಾಲದು.

ಪಾರ್ಪಿಟಾ ಚಪ್ಪಟೆ. ನಡುವೆ ಬಿಳಿಯ ಅಥವಾ ಕಂದು ಛಾಯೆಯ ದುಂಡು ಬಿಲ್ಲೆ, ಅದರಲ್ಲಿ ಒಂದರೊಳಗೊಂದು ವೃತ್ತಗಳು. ಸುತ್ತ ನೀಲಿ ಎಳೆಗಳ ಕುಚ್ಚು. ಮುಟ್ಟಿದರೆ, ಅಲೆಗೆ ಉಜ್ಜಿದರೆ ಎಳೆಗಳು ಉದುರುತ್ತವೆ. ಹಾಗಾಗಿ ಬರೀ ಬಿಳಿ ಬಿಲ್ಲೆಗಳ ಚಿತ್ರವೂ ಬರುತ್ತದೆ.

ತಪ್ಪುವುದು ಹೆಚ್ಚಾಗಿ ಚಿತ್ರದಿಂದಲೇ. ನೇರ ಮೇಲಿನಿಂದ ತೆಗೆದರೆ ಗುಳ್ಳೆ ಉಬ್ಬಿದೆಯೋ ಚಪ್ಪಟೆಯೋ ತಿಳಿಯುವುದಿಲ್ಲ, ಗಾಳಿ ಹೋಗಿ ಕುಗ್ಗಿದ ಫೈಸೇಲಿಯಾ ಬಿಲ್ಲೆಯಂತೆ ಕಾಣುತ್ತದೆ. ಅದಕ್ಕೇ ನಾನು ಮೂರು ಚಿತ್ರ ಕೇಳುತ್ತೇನೆ: ಮೇಲಿನಿಂದ ಒಂದು, ಮೊಬೈಲನ್ನು ಮರಳಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಒಂದು, ಸುತ್ತಲಿನ ಮರಳೆಲ್ಲ ಬರುವಂತೆ ದೂರದಿಂದ ಒಂದು. ಅಳತೆಗೆ ಹತ್ತು ರೂಪಾಯಿ ನಾಣ್ಯ ಇಟ್ಟರೆ ಒಳ್ಳೆಯದು, ಅದು 27 ಮಿಲಿಮೀಟರ್ ಅಗಲ. ಆದರೆ ನಾಣ್ಯವನ್ನು ಜೀವಿಗೆ ತಾಗಿಸಬೇಡಿ. ತಾಗಿದ್ದನ್ನು ಮತ್ತೆ ಜೇಬಿಗೆ ಹಾಕುತ್ತೀರಿ. ಮಗುಚಿ ನೋಡಬೇಕೆನಿಸಿದರೆ ಕಡ್ಡಿ ಬಳಸಿ, ಆ ಕಡ್ಡಿ ಅಲ್ಲೇ ಬಿಡಿ.

ದೂರದ ಚಿತ್ರವನ್ನು ನಾನು ಬಿಡದೆ ಕೇಳುವುದಕ್ಕೆ ಕಾರಣವಿದೆ. ಇವೆಲ್ಲ ನೀರಿನ ಮೇಲ್ಮೈಯಲ್ಲಿ ತೇಲುವ ಜೀವಿಗಳು, ಗಾಳಿ ತಳ್ಳಿದ ಕಡೆ ಒಟ್ಟಿಗೇ ಬಂದು ಬೀಳುತ್ತವೆ. ಹತ್ತಿರದ ಚಿತ್ರದಲ್ಲಿ ಸೌಮ್ಯ ಪಾರ್ಪಿಟಾ ಇದ್ದರೆ ಎರಡು ಮಾರು ಆಚೆ ಫೈಸೇಲಿಯಾ ಇರಬಹುದು. ಅದೇ ಗುಂಪಿನಲ್ಲಿ ಗ್ಲಾಕಸ್ ಎಂಬ ಮೂರು ಸೆಂಟಿಮೀಟರಿನಷ್ಟು ಉದ್ದದ ನೀಲಿ ಕಡಲ ಹುಳುವೂ ಸಿಗಬಹುದು. ಅದು ಫೈಸೇಲಿಯಾವನ್ನು ತಿಂದು ಅದರ ಕುಟುಕು ಕೋಶಗಳನ್ನು ತನ್ನ ಮೈಯಲ್ಲೇ ಕೂಡಿಡುತ್ತದೆ. ನೋಡಲು ಬಹಳ ಚೆಂದ, ಅಂಗೈಯಲ್ಲಿಟ್ಟು ಫೋಟೊ ತೆಗೆಯುವುದು ಮಾತ್ರ ಬೇಡ.

ಕುಟುಕು ಕೋಶಗಳಿರುವ ಇನ್ನೊಂದು ಜೀವಿ ಸೀ ಅನಿಮೋನ್, ಆದರೆ ಅದು ತೇಲುವುದಲ್ಲ, ಬೇರೆ ಕಡೆಯ ಪ್ರಾಣಿ. ಸೋಮೇಶ್ವರದಂಥ ಬಂಡೆಗಳಿರುವ ತೀರದಲ್ಲಿ ನೀರಿಳಿದಾಗ ಬಂಡೆಗೆ ಅಂಟಿದ ಲೋಳೆ ಗುಡ್ಡೆಯಂತೆ ಮುಚ್ಚಿಕೊಂಡಿರುತ್ತದೆ. ಬೆರಳಿಗೆ ಸಾಮಾನ್ಯವಾಗಿ ಅಂಟಿದಂತಷ್ಟೇ ಅನಿಸೀತು, ಚರ್ಮ ತೆಳುವಾದಲ್ಲಿ ಉರಿಯಬಹುದು.

ಸತ್ತಿದೆ ಎಂಬ ಧೈರ್ಯ ಬೇಡ. ಕುಟುಕು ಕೋಶಕ್ಕೆ ಪ್ರಾಣಿಯ ಅಪ್ಪಣೆ ಬೇಕಿಲ್ಲ, ತಾಗಿದರೆ ಸಾಕು, ಸಿಡಿಯುತ್ತದೆ. ನಮ್ಮ ಕಡೆಯವರಿಗೆ ಜಿಗಣೆ ಹಿಡಿದರೆ ಉಪ್ಪು, ಸುಣ್ಣ ಹಚ್ಚುವ ಅಭ್ಯಾಸ. ಇಲ್ಲಿ ಅವೆರಡೂ ಬೇಡ, ಉಜ್ಜುವುದೂ ಬೇಡ, ಸಿಹಿನೀರೂ ಬೇಡ. ಉಜ್ಜಿದರೆ, ಸಿಹಿನೀರು ಬಿದ್ದರೆ ಉಳಿದ ಕೋಶಗಳೂ ಸಿಡಿಯಬಹುದು. ಫೈಸೇಲಿಯಾ ಕುಟುಕಿದರೆ ಸಮುದ್ರದ ನೀರು ಸುರಿದು ತೊಳೆದು, ಅಂಟಿದ ಎಳೆಯನ್ನು ಚಿಮುಟದಿಂದ ಎತ್ತಿ, ಆಮೇಲೆ ಆ ಭಾಗವನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ 20 ನಿಮಿಷ ಇಡಬೇಕು. ಮಗುವಿಗಾದರೆ ನೀರಿನ ಬಿಸಿಯನ್ನು ದೊಡ್ಡವರು ಮೊದಲು ತಮ್ಮ ಕೈಗೆ ನೋಡಿಕೊಳ್ಳಿ. ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ, ಕಣ್ಣಿಗೆ ತಾಗಿದ್ದರೆ ನನಗೆ ಫೋಟೊ ಕಳಿಸುತ್ತ ಕೂರದೆ ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಘಾಟಿ ಹತ್ತಿ ಊರಿಗೆ ಬಂದು ತೋರಿಸೋಣ ಎಂದು ಹೊರಡಬೇಡಿ.