ಬಾಡಿಗೆ ಕರಾರಿನ ಕೊನೆಯಲ್ಲಿ ಅಂಟಿಕೊಳ್ಳುವ ಖಾಲಿ ಪುಟ

ಮಲ್ಲೇಶ್ವರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಶನ್ ಎಲ್ಲ ಮಾಡ್ತೀವಿ, ಆದರೆ ಜಾಸ್ತಿ ಬರೋದು ಹನ್ನೊಂದು ತಿಂಗಳ ಬಾಡಿಗೆ ಕರಾರು. ಜನ ಹಳೇ ಕರಾರಿನ ವರ್ಡ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಹೆಸರು, ಬಾಡಿಗೆ, ಅಡ್ವಾನ್ಸ್ ಬದಲಾಯಿಸಿ ಕೊಡಿ ಅನ್ನುತ್ತಾರೆ. ಅಂಥ ಫೈಲುಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆ ಅಂದರೆ, ಕೊನೆಯಲ್ಲಿ ಏನೂ ಇಲ್ಲದ ಒಂದು ಪುಟ. ಎಷ್ಟು ಸಲ Delete ಒತ್ತಿದರೂ ಅದು ಹೋಗುವುದಿಲ್ಲ.

ಒಂದು ಹಾಳೆ ದಂಡ ಆಗುತ್ತೆ ಅಷ್ಟೇ ತಾನೇ ಅನ್ನಬಹುದು. ಕರಾರಿನಲ್ಲಿ ಹಾಗಲ್ಲ. ಬಾಡಿಗೆದಾರರೊಬ್ಬರು ಕೌಂಟರ್ ಮುಂದೆಯೇ ನಿಂತು, "ಸರ್, ಈ ಖಾಲಿ ಹಾಳೆಗೂ ನಾನು ಸೈನ್ ಹಾಕ್ಬೇಕಾ? ಆಮೇಲೆ ಇದರಲ್ಲಿ ಓನರ್ ಏನಾದ್ರೂ ಬರ್ಕೊಂಡ್ರೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಖಾಲಿ ಹಾಳೆಯ ಕೆಳಗೆ ಪುಟದ ಸಂಖ್ಯೆ ಬೇರೆ ಇತ್ತು, ಅದೂ ಕರಾರಿನ ಭಾಗವೇ ಅನ್ನುವ ಹಾಗೆ.

ಆ ಫೈಲನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಬರಹ ಇದ್ದದ್ದು ನಾಲ್ಕು ಪುಟ. ಪರದೆಯ ಕೆಳಗಿನ ಪಟ್ಟಿಯಲ್ಲಿ `Page 5 of 5` ಅಂತ ಬರುತ್ತಿತ್ತು. ನಾಲ್ಕನೇ ಪುಟದಲ್ಲಿ ಮೊದಲು ಮನೆಯ ವಿವರ, ಆಮೇಲೆ ಫ್ಯಾನ್, ಗೀಸರ್, ಟ್ಯೂಬ್‌ಲೈಟ್ ಪಟ್ಟಿ, ಕೊನೆಗೆ ಸಹಿಗಳ ಟೇಬಲ್. ಮಾಲೀಕರು, ಬಾಡಿಗೆದಾರರು, ಇಬ್ಬರು ಸಾಕ್ಷಿಗಳು. ಟೇಬಲ್‌ನ ಕೊನೆಯ ಗೆರೆ ಕೆಳಗಿನ ಮಾರ್ಜಿನ್‌ಗೆ ಹತ್ತಿರ ಹತ್ತಿರ ತಾಕುತ್ತಿತ್ತು.

ಇಂಥ ಫೈಲ್ ಕಂಡಾಗ ನಾನು ಮೊದಲು `Ctrl+End` ಒತ್ತುತ್ತೇನೆ. ಕರ್ಸರ್ ಖಾಲಿ ಪುಟದ ಮೇಲೆ ಹೋಗಿ ಕೂತರೆ, ಅಲ್ಲಿ ಕಣ್ಣಿಗೆ ಕಾಣದ್ದು ಏನೋ ಇದೆ ಅಂತ ಅರ್ಥ. ಆಮೇಲೆ `Ctrl+Shift+8`. ಆಗ ಅಡಗಿರುವ ಗುರುತುಗಳೆಲ್ಲ ಹೊರಗೆ ಬರುತ್ತವೆ. ಸಾಲು ಸಾಲಾಗಿ ಪ್ಯಾರಾ ಗುರುತು ¶ ಕಂಡರೆ ಯಾರೋ ಸುಮ್ನೆ ಎಂಟರ್ ಒತ್ತಿದ್ದಾರೆ, ಸೆಲೆಕ್ಟ್ ಮಾಡಿ ಅಳಿಸಿದರೆ ಕೆಲಸ ಮುಗಿಯಿತು. `Page Break` ಎಂದು ಕಂಡರೂ ಹಾಗೆಯೇ. ಈ ಫೈಲಿನಲ್ಲಿ ಇದ್ದದ್ದು ಒಂದೇ ಒಂದು ¶. ಅದೂ ಟೇಬಲ್ ಆದ ತಕ್ಷಣ. ಅದು Backspace, Delete ಎರಡಕ್ಕೂ ಜಗ್ಗುವುದಿಲ್ಲ.

ಕಾರಣ ಏನೆಂದರೆ, ವರ್ಡ್‌ನಲ್ಲಿ ಯಾವ ಫೈಲೂ ಟೇಬಲ್‌ನಲ್ಲೇ ಮುಗಿಯುವ ಹಾಗಿಲ್ಲ. ಟೇಬಲ್ ಆದ ಮೇಲೆ ಒಂದು ಪ್ಯಾರಾ ಇರಲೇಬೇಕು, ಅದು ಖಾಲಿಯಾಗಿದ್ದರೂ ಸರಿ. ಖಾಲಿ ಪ್ಯಾರಾ ಅಂದರೂ ಅದಕ್ಕೆ ಎತ್ತರ ಇದೆ. ಕರಾರಿನಲ್ಲಿ ಅಕ್ಷರ 12 ಪಾಯಿಂಟ್, ಸಾಲಿನ ಅಂತರ ಒಂದೂವರೆ. ಹಾಗಾದರೆ ಈ ಒಂದು ಖಾಲಿ ಸಾಲಿಗೆ ಸುಮಾರು 7 ಮಿಲಿಮೀಟರ್ ಜಾಗ ಬೇಕು. ಟೇಬಲ್‌ನ ಕೆಳಗೆ ಅಷ್ಟು ಉಳಿದಿಲ್ಲದಿದ್ದರೆ ಅದು ಮುಂದಿನ ಪುಟಕ್ಕೆ ಹೋಗುತ್ತದೆ, ಹೋಗುವಾಗ ಪುಟವನ್ನೂ ಹುಟ್ಟಿಸಿಕೊಂಡೇ ಹೋಗುತ್ತದೆ. ಅಳಿಸಲು ಬರದಿದ್ದರೆ ಬೇಡ, ಅದನ್ನು ಕುಗ್ಗಿಸಬಹುದು ಅಲ್ವಾ?

ಕರ್ಸರನ್ನು ಆ ¶ ಹತ್ತಿರ ಇಟ್ಟು, ಫಾಂಟ್ ಸೈಜ್ ಡಬ್ಬಿಯಲ್ಲಿ 1 ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ಪಟ್ಟಿಯಲ್ಲಿ 8ಕ್ಕಿಂತ ಚಿಕ್ಕದು ಕಾಣುವುದಿಲ್ಲ, ಆದರೆ ಟೈಪ್ ಮಾಡಿದರೆ ತಗೊಳ್ಳುತ್ತದೆ. ಹಲವರು ಇಲ್ಲಿಗೇ ನಿಲ್ಲಿಸಿ, ಪುಟ ಇನ್ನೂ ಹೋಗಿಲ್ಲವಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಸಾಲಿನ ಅಂತರವನ್ನು ಯಾರಾದರೂ `Exactly` 18 ಪಾಯಿಂಟ್ ಅಂತ ಕಟ್ಟಿಹಾಕಿದ್ದರೆ, ಅಕ್ಷರ ಎಷ್ಟು ಚಿಕ್ಕದಾದರೂ ಸಾಲು 18 ಪಾಯಿಂಟ್ ಎತ್ತರವೇ ಇರುತ್ತದೆ. ಪ್ಯಾರಾ ಮೇಲೆ ಬಿಟ್ಟ ಜಾಗವೂ ಹಾಗೇ ಉಳಿದಿರುತ್ತದೆ. ಅದಕ್ಕೆ ಅಲ್ಲೇ ರೈಟ್ ಕ್ಲಿಕ್ ಮಾಡಿ `Paragraph` ತೆರೆಯುತ್ತೇನೆ. `Before` 0, `After` 0, `Line spacing` ಜಾಗದಲ್ಲಿ `Exactly`, ಪಕ್ಕದ `At` ಡಬ್ಬಿಯಲ್ಲಿ 1 pt. ಈಗ ಆ ಸಾಲಿನ ಎತ್ತರ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಕರಾರು ನಾಲ್ಕು ಪುಟಕ್ಕೆ ಬಂತು, ಕೆಳಗಿನ ಪಟ್ಟಿಯಲ್ಲೂ `Page 4 of 4`.

ಅಷ್ಟು ಮಾಡಿದರೂ ಪುಟ ಹೋಗದಿದ್ದರೆ ಟೇಬಲ್ಲೇ ಪುಟವನ್ನು ಪೂರ್ತಿ ತುಂಬಿದೆ ಅಂತ. ಆಗ ನಾನು ಟೇಬಲ್‌ನ ಕೊನೆಯ ಚೌಕದೊಳಗೆ ನೋಡುತ್ತೇನೆ. ಸಾಕ್ಷಿಯ ವಿಳಾಸ ಟೈಪ್ ಮಾಡಿದ ಮೇಲೆ ಒಂದು ಎಂಟರ್ ಹೆಚ್ಚಿಗೆ ಬಿದ್ದಿರುವುದು ತುಂಬಾ ಸಾಮಾನ್ಯ. ಅದನ್ನು ತೆಗೆದರೆ ಆ ಅಡ್ಡಸಾಲು ಕುಗ್ಗುತ್ತದೆ. ಅಲ್ಲೂ ಏನಿಲ್ಲದಿದ್ದರೆ ಕೆಳಗಿನ ಮಾರ್ಜಿನ್ ಸ್ವಲ್ಪ ಕಡಿಮೆ ಮಾಡುತ್ತೇನೆ. ಇದು ನನಗೆ ಕೊನೆಯ ದಾರಿ, ಯಾಕೆಂದರೆ ಮಾರ್ಜಿನ್ ಬದಲಾದರೆ ಹಿಂದಿನ ಪುಟಗಳ ಸಾಲುಗಳೂ ಜರುಗುತ್ತವೆ. ಮೊದಲ ಪುಟವನ್ನು ಇ-ಸ್ಟಾಂಪ್ ಹಾಳೆಯ ಮೇಲೆ ಅಳತೆ ನೋಡಿ ಕೂರಿಸಿರುತ್ತೇವೆ, ಅದನ್ನು ಕದಲಿಸುವುದು ಬೇಡ.

ಇನ್ನೊಂದು ದಾರಿ ಇದೆ, ನನಗೆ ಅಷ್ಟು ಹಿಡಿಸದ್ದು. `Ctrl+D` ಒತ್ತಿ ಆ ಗುರುತನ್ನು `Hidden` ಮಾಡುವುದು. ಗುರುತುಗಳನ್ನು ತೋರಿಸುವುದು ನಿಲ್ಲಿಸಿದಾಗ ಪುಟ ಹೋಗುತ್ತದೆ, ಮತ್ತೆ `Ctrl+Shift+8` ಒತ್ತಿದರೆ ವಾಪಸ್ ಬರುತ್ತದೆ. ನೋಡುವವರಿಗೆ ಇದು ದೆವ್ವದ ಕಾಟದ ಹಾಗೆ ಅನಿಸುತ್ತದೆ. ಪ್ರಿಂಟ್ ಕೊಡುವಾಗ `1-4` ಎಂದು ಹಾಕಿ ತಪ್ಪಿಸಿಕೊಳ್ಳುವವರೂ ಇದ್ದಾರೆ. ಹಾಳೆ ಉಳಿಯುತ್ತದೆ ನಿಜ, ಆದರೆ ಪ್ರತಿ ಪುಟದ ಅಡಿಯಲ್ಲಿ ಒಟ್ಟು ಪುಟ 5 ಎಂದೇ ಅಚ್ಚಾಗುತ್ತದೆ. ಕೈಯಲ್ಲಿ ನಾಲ್ಕೇ ಹಾಳೆ. ಐದನೆಯದು ಎಲ್ಲಿ ಅಂತ ಯಾರು ಬೇಕಾದರೂ ಕೇಳಬಹುದು. ಖಾಲಿ ಪುಟಕ್ಕಿಂತ ಇದು ಕೆಟ್ಟದ್ದು.

ಕುಗ್ಗಿಸಿದ ಸಾಲಿನಿಂದ ಮುಂದೆ ಒಂದು ಪೇಚಾಟ ಬರುತ್ತದೆ. ಮುಂದಿನ ವರ್ಷ ಅದೇ ಫೈಲ್ ತೆರೆದು, ಟೇಬಲ್ ಕೆಳಗೆ ಯಾರೋ ಹೊಸ ಷರತ್ತು ಸೇರಿಸಲು ಹೋಗುತ್ತಾರೆ. ಟೈಪ್ ಮಾಡಿದ್ದೆಲ್ಲ 1 ಪಾಯಿಂಟ್ ಅಕ್ಷರದಲ್ಲಿ ಬರುತ್ತದೆ. ಪರದೆಯ ಮೇಲೆ ಒಂದು ತೆಳು ಗೆರೆ ಬಿಟ್ಟರೆ ಏನೂ ಕಾಣದು, ಕೀಬೋರ್ಡ್ ಕೆಟ್ಟಿದೆ ಅಂತ ಅಂದುಕೊಳ್ಳುತ್ತಾರೆ. ಅದಕ್ಕೆ ನಾನು ಈ ಅಳತೆಗಳನ್ನು "ಕೊನೆ ಸಾಲು" ಅನ್ನುವ ಹೆಸರಿನ ಸ್ಟೈಲ್ ಮಾಡಿ ಇಟ್ಟುಕೊಂಡಿದ್ದೇನೆ. ಹಚ್ಚುವುದು ಒಂದು ಕ್ಲಿಕ್, ತೆಗೆದು ಮತ್ತೆ `Normal` ಮಾಡುವುದೂ ಒಂದೇ ಕ್ಲಿಕ್. ಬೇರೆ ಕಂಪ್ಯೂಟರಿನಲ್ಲಿ ಪ್ರಿಂಟ್ ಆಗಬೇಕಾದ ಕರಾರನ್ನು ಪಿಡಿಎಫ್ ಮಾಡಿಯೇ ಕೊಡುತ್ತೇನೆ. ಅಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೆ ಅದರ ಬದಲು ಬರುವ ಫಾಂಟಿನ ಸಾಲು ಎತ್ತರವಾಗಿರಬಹುದು, ಆಗ ಟೇಬಲ್ ಕೆಳಗಿಳಿದು ಖಾಲಿ ಪುಟ ಮತ್ತೆ ಹುಟ್ಟುತ್ತದೆ.

ಅಪಾರ್ಟ್‌ಮೆಂಟ್ ಸಂಘದವರ ಮೆಂಟೆನೆನ್ಸ್ ಬಿಲ್ಲಿನಲ್ಲಿ ಇದೇ ತೊಂದರೆ ದೊಡ್ಡದಾಗುತ್ತದೆ. ಒಂದು ಪುಟದ ಬಿಲ್, ಪೂರ್ತಿ ಟೇಬಲ್, ಮೇಲ್ ಮರ್ಜ್‌ನಲ್ಲಿ ಪ್ರತಿ ಫ್ಲ್ಯಾಟಿಗೂ ಒಂದು ಪ್ರತಿ. ಮೂಲ ಫೈಲಿನ ಕೊನೆಯ ¶ ಎರಡನೇ ಪುಟಕ್ಕೆ ಜಾರಿದ್ದರೆ ಪ್ರತಿ ಬಿಲ್ಲಿನ ಹಿಂದೆಯೂ ಒಂದು ಖಾಲಿ ಹಾಳೆ ಬರುತ್ತದೆ. 80 ಫ್ಲ್ಯಾಟಿಗೆ 160 ಪುಟ. ಮರ್ಜ್ ಆದ ಮೇಲೆ ಒಂದೊಂದಾಗಿ ತೆಗೆಯಲು ಕೂರಬೇಡಿ. ಅದನ್ನು ಮುಚ್ಚಿ, ಮೂಲ ಫೈಲಿಗೆ ಹೋಗಿ, ಆ ಒಂದು ¶ ಕುಗ್ಗಿಸಿ, ಮೂಲ ಒಂದೇ ಪುಟ ತೋರಿಸುತ್ತಿದೆಯೇ ಎಂದು ನೋಡಿಕೊಂಡು ಮತ್ತೆ ಮರ್ಜ್ ಮಾಡಿ.